ಅವಳು ಸಹಿಸಿದ್ದನ್ನು ಅವಳೇ ಓದಿ ನಗುವಂತೆ

ಮದುವೆಯ ವಾರ್ಷಿಕೋತ್ಸವದ ದಿನ ಗಂಡ ಹೆಂಡತಿಯ ಬಗ್ಗೆ ನಾಲ್ಕು ಸಾಲು ಬರೆಯುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಕೆಲವರು ಕಾರ್ಡಿನಲ್ಲಿ ಬರೆಯುತ್ತಾರೆ, ಕೆಲವರು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ, ಬೆಳ್ಳಿಹಬ್ಬ ಮಾಡುವವರು ಮೈಕ್ ಹಿಡಿದು ಓದುತ್ತಾರೆ. ಇವುಗಳಲ್ಲಿ ನನಗೆ ತುಂಬ ಇಷ್ಟವಾದ ಬಗೆ ಒಂದಿದೆ. ಗಂಡ ತನ್ನ ದಿನನಿತ್ಯದ ಸಣ್ಣಪುಟ್ಟ ಅಭ್ಯಾಸಗಳನ್ನು ಒಂದೊಂದಾಗಿ ಹೇಳಿಕೊಂಡು, ಅವನ್ನೆಲ್ಲ ಅವಳು ಇಷ್ಟು ವರ್ಷ ಹೇಗೆ ನಿಭಾಯಿಸಿದಳು ಎಂದು ನಗುತ್ತಾ ಬರೆಯುವುದು. ಚಂದ್ರ, ಮಲ್ಲಿಗೆ, ಏಳೇಳು ಜನ್ಮ ಇವ್ಯಾವುವೂ ಇಲ್ಲದೆ ಒಂದು ಮನೆಯ ಬೆಳಗು ಸಂಜೆಗಳು ಅದರಲ್ಲಿ ಕಾಣುತ್ತವೆ.

ಆದರೆ ಇದು ಸಲೀಸಾದ ಬರಹವಲ್ಲ. ಹಾಸಿಗೆಯ ಮೇಲೆ ಬಿಟ್ಟ ಒದ್ದೆ ಟವೆಲ್ಲಿನ ಮಾತು ಒಂದು ಮನೆಯಲ್ಲಿ ನಗು ತರಿಸುತ್ತದೆ, ಇನ್ನೊಂದು ಮನೆಯಲ್ಲಿ ನೆಂಟರೆಲ್ಲ ನಗುತ್ತಿರುವಾಗ ಹೆಂಡತಿಯೊಬ್ಬಳ ಮುಖ ಮಾತ್ರ ಬಿಗಿಯುತ್ತದೆ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ಕೆಲವು ಗುರುತುಗಳಿವೆ. ಅವುಗಳಲ್ಲಿ ಮೊದಲನೆಯದು ನಮ್ಮ ಮದುವೆಮನೆಗಳಲ್ಲೇ ಸಿಗುತ್ತದೆ.

ಎದುರಿನವರಿಗೂ ಸರದಿ

ಮದುವೆಯಲ್ಲಿ ಒಬ್ಬರನ್ನೊಬ್ಬರು ಕೆಣಕುವುದು ನಮಗೆ ಹೊಸದಲ್ಲ. ಬೀಗರ ಹಾಡಿನಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಊಟ, ಉಡುಪು, ಠೀವಿ ಯಾವುದನ್ನೂ ಬಿಡದೆ ಹಾಡಿ ಛೇಡಿಸುತ್ತಾರೆ. ಗಂಡಿನ ಕಡೆಯವರು ಮುನಿಸಿಕೊಳ್ಳುವಂತಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ಉರುಟಣೆಯಲ್ಲಿ ಅರಿಸಿನ, ಗಂಧ ಹಚ್ಚುವ ನೆಪದಲ್ಲಿ ಹೊಸ ಹೆಣ್ಣು ಗಂಡು ಪರಸ್ಪರ ಕಾಲೆಳೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದಲ್ಲೂ ಹೆಂಗಸರು ಒಡಪು ಕಟ್ಟಿ, ಪ್ರಾಸದ ನಡುವೆ ಅವನ ಹೆಸರು ತಂದು, ಜೊತೆಗೊಂದು ಚಿವುಟನ್ನೂ ಸೇರಿಸಿ ಎಲ್ಲರೆದುರು ಹೇಳುತ್ತಿದ್ದರು. ಇಂದಿಗೂ ಸೀಮಂತ, ಮದುವೆಗಳಲ್ಲಿ ಒಡಪು ಕೇಳಿಸುತ್ತದೆ.

ಇವೆಲ್ಲ ಇಷ್ಟು ಕಾಲ ಉಳಿದು ಬಂದದ್ದಕ್ಕೆ ಒಂದು ಕಾರಣ ಅವುಗಳ ಕಟ್ಟಳೆ. ಕೆಣಕಿಸಿಕೊಂಡವರಿಗೆ ತಿರುಗಿ ಕೆಣಕುವ ಸರದಿ ಇದೆ. ಇದು ಆಟ ಎಂದು ಕೂತ ಎಲ್ಲರಿಗೂ ಗೊತ್ತಿದೆ. ವಾರ್ಷಿಕೋತ್ಸವದ ಬರಹದಲ್ಲಿ ಈ ಎರಡೂ ಇಲ್ಲ. ಬರೆಯುವವನು ಒಬ್ಬನೇ, ಅವಳಿಗೆ ಸರದಿ ಬರುವ ಹೊತ್ತಿಗೆ ಎಲ್ಲರೂ ಓದಿ ಮುಗಿಸಿರುತ್ತಾರೆ. ಆದ್ದರಿಂದ ಅವಳ ಸರದಿಯನ್ನು ಬರಹದ ಒಳಗೇ ಇಡಬೇಕಾಗುತ್ತದೆ. ಅವಳು ಆ ಅಭ್ಯಾಸಕ್ಕೆ ಏನೆಂದಳು, ಯಾವ ಉಪಾಯ ಹೂಡಿದಳು, ಹೇಗೆ ಗೆದ್ದಳು ಎಂಬುದು ಬಂದಾಗ ಮಾತು ಎರಡು ಕಡೆಯದಾಗುತ್ತದೆ. ಬರೀ ಸಹಿಸಿದಳು ಎಂದರೆ ಅವಳು ಆ ಕಥೆಯಲ್ಲಿ ಸುಮ್ಮನೆ ಕೂತ ಪಾತ್ರವಾಗಿ ಉಳಿಯುತ್ತಾಳೆ.

ಬರಹಕ್ಕೆ ಮುಖವಿಲ್ಲ, ದನಿಯಿಲ್ಲ

ಕೆಣಕುವಿಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಡ್ಯಾಕರ್ ಕೆಲ್ಟ್ನರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಎರಡಾಗಿ ಬಿಡಿಸಿ ನೋಡಿದ್ದಾರೆ. ಒಂದು ಚಿವುಟು, ಇನ್ನೊಂದು ಇದು ತಮಾಷೆ ಎನ್ನುವ ಸೂಚನೆ. ಎಳೆದ ರಾಗ, ಅರಳಿದ ಕಣ್ಣು, ಅತಿಯಾಗಿ ಉಬ್ಬಿಸಿದ ಮಾತು ಇವೆಲ್ಲ ಆ ಸೂಚನೆಗಳು. ಸೂಚನೆ ಕಳೆದುಹೋದರೆ ಉಳಿಯುವುದು ಚಿವುಟು ಮಾತ್ರ.

ಬರೆದಾಗ ರಾಗವೂ ಇಲ್ಲ, ಕಣ್ಣೂ ಇಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ಅಳೆದು ನೋಡಿದರು. ವ್ಯಂಗ್ಯದ ಮಾತನ್ನು ಇಮೇಲಿನಲ್ಲಿ ಬರೆದವರು, ಓದುವವರಿಗೆ ಅದು ಸುಲಭವಾಗಿ ತಿಳಿಯುತ್ತದೆ ಎಂದು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಅರ್ಧಕ್ಕಿಂತ ತುಸುವೇ ಹೆಚ್ಚು ಸಲ. ಅದೇ ಮಾತನ್ನು ದನಿಯಲ್ಲಿ ಕೇಳಿಸಿದಾಗ ಹೆಚ್ಚು ಜನಕ್ಕೆ ತಿಳಿಯಿತು. ಬರೆಯುವವನ ತಲೆಯಲ್ಲಿ ಅವನದೇ ದನಿ ಕೇಳುತ್ತಿರುತ್ತದೆ, ಓದುವವರಿಗೆ ಬರೀ ಅಕ್ಷರ ಕಾಣುತ್ತದೆ.

ಹಾಗಾಗಿ ಇಂಥ ಬರಹದಲ್ಲಿ ವ್ಯಂಗ್ಯ ಬೇಡ. "ನನ್ನ ಹೆಂಡತಿಗೆ ಕೋಪವೇ ಬರುವುದಿಲ್ಲ ಬಿಡಿ" ಎಂಬ ಸಾಲು ಬಾಯಲ್ಲಿ ಹೇಳಿದರೆ ಪ್ರೀತಿ, ಬರೆದರೆ ದೂರು. ಉತ್ಪ್ರೇಕ್ಷೆ ಮಾಡುವುದಿದ್ದರೆ ಗಂಡನ ಅಭ್ಯಾಸದ ಕಡೆಗಿರಲಿ. ಹೆಂಡತಿ ಮಾಡಿದ್ದನ್ನು ಇದ್ದಹಾಗೆ, ಅಳತೆ ತಪ್ಪದೆ ಬರೆಯಬೇಕು. ಹೀಗೆ ಬರೆದರೆ ಚಿವುಟು ಯಾರಿಗೆ, ಮೆಚ್ಚುಗೆ ಯಾರಿಗೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಸಣ್ಣದು ಯಾರಿಗೆ ಸಣ್ಣದು?

ಅಭ್ಯಾಸ ಸಣ್ಣದು ಎಂದು ಮಾಡುವವನು ತೀರ್ಮಾನಿಸಿದರೆ ಸಾಲದು. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ಮೈಕೆಲ್ ಕನ್ನಿಂಗ್‌ಹ್ಯಾಮ್ ಇಂಥ ಕಿರಿಕಿರಿಗಳಿಗೆ "ಸೋಷಿಯಲ್ ಅಲರ್ಜಿ" ಎಂದು ಹೆಸರಿಟ್ಟರು. ಮೊದಲ ಸಲ ಗಮನಕ್ಕೂ ಬಾರದ ಒಂದು ನಡವಳಿಕೆ ಮತ್ತೆಮತ್ತೆ ಎದುರಾದಾಗ ಅದರ ಮೇಲಿನ ಸಿಡುಕು ಹೆಚ್ಚುತ್ತಾ ಹೋಗುತ್ತದೆ. ನೋಯಿಸುವ ಉದ್ದೇಶ ಮಾಡುವವನಿಗಿಲ್ಲದಿದ್ದರೂ ಹೀಗಾಗುತ್ತದೆ. ಮದುವೆಯಾದ ಹೊಸದರಲ್ಲಿ ಮುದ್ದಾಗಿ ಕಂಡ ಅಭ್ಯಾಸ ಹದಿನೈದು ವರ್ಷದ ಮೇಲೂ ಮುದ್ದಾಗಿಯೇ ಇರಬೇಕಿಲ್ಲ. ಅದರ ಲೆಕ್ಕ ಗಂಡನ ಬಳಿ ಇರುವುದಿಲ್ಲ, ಅವಳ ಬಳಿ ಇರುತ್ತದೆ.

ಎರಡನೆಯ ತೊಡಕು ಮನೆಗೆಲಸದ್ದು. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಆ ಕೆಲಸ ಮಾಡುತ್ತಿದ್ದ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಗಂಡನ ಕೆಲವು ಅಭ್ಯಾಸಗಳು ಹೆಂಗಸರ ಈ ಕೆಲಸದ ಹೊತ್ತಿಗೆ ಇನ್ನಷ್ಟು ಸೇರಿಸುತ್ತವೆ. ಒದ್ದೆ ಟವೆಲ್ ಎತ್ತಿ ಒಣಹಾಕುವವಳು ಅವಳು, ಒದ್ದೆಯಾದ ಹಾಸಿಗೆಯ ಹೊದಿಕೆ ಬದಲಿಸುವವಳೂ ಅವಳೇ. ಅದನ್ನು "ಸಹಿಸಿದಳು" ಎಂದು ಬರೆದರೆ ಅವಳ ಕೆಲಸಕ್ಕೆ ಗುಣದ ಹೆಸರಿಟ್ಟಂತಾಗುತ್ತದೆ.

ಈ ಕೆಲಸ ಗಂಡನಿಗೆ ಕಾಣದಿರುವುದಕ್ಕೂ ಕಾರಣವಿದೆ. ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37 ದಂಪತಿಗಳನ್ನು ಬೇರೆಬೇರೆಯಾಗಿ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿದರೆ ನೂರಕ್ಕಿಂತ ಹೆಚ್ಚಾಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ತನಗೆ ಬೇಗ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಬೇಗ ನೆನಪಾಗುವುದಿಲ್ಲ. ಗಂಡ ಒಬ್ಬನೇ ಕೂತು ನೆನಪಿನಿಂದ ಬರೆದರೆ ಅವಳ ಪಾಲಿನದು ಅರ್ಧ ಬಿಟ್ಟುಹೋಗುತ್ತದೆ. ಬರೆಯುವ ಮೊದಲು ಅವಳನ್ನು ಕೇಳಬೇಕು ಎನ್ನುವುದು ಇದಕ್ಕಾಗಿ.

ಒಂದು ಪಟ್ಟಿ, ಎರಡು ಕೈ

ಇದನ್ನು ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ದಾವಣಗೆರೆಯ ಒಬ್ಬ ಬ್ಯಾಂಕ್ ನೌಕರ, ಮದುವೆಯಾಗಿ 22 ವರ್ಷ. ಬರೆಯಲು ಕೂತು ತನ್ನ ಅಭ್ಯಾಸಗಳ ಪಟ್ಟಿ ಮಾಡುತ್ತಾನೆ. ಬೆಳಗ್ಗೆ ಪೇಪರಿನ ಸುದ್ದಿಯನ್ನೆಲ್ಲ ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದುವುದು. ಹೊರಡುವಾಗ ಗ್ಯಾಸ್ ಆರಿಸಿದೆಯೇ ಎಂದು ಹಿಂದಿರುಗಿ ನೋಡಿ, ಬೀಗ ಜಗ್ಗಿ, ಗೇಟಿನಿಂದ ಮತ್ತೆ ಬಂದು ಇನ್ನೊಮ್ಮೆ ಜಗ್ಗುವುದು. ಹರಿಹರದಲ್ಲಿ ರೈಲು ತಪ್ಪಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುವುದು. ಒದ್ದೆ ಟವೆಲ್. ಮುಂಚೆ ತಿಳಿಸದೆ ಗೆಳೆಯರನ್ನು ಊಟಕ್ಕೆ ಕರೆತರುವುದು. ಗೊರಕೆ.

ಮೊದಲ ಪ್ರತಿಯಲ್ಲಿ ಅವನು ಎಲ್ಲವನ್ನೂ ಬರೆದು, ಕೊನೆಗೆ "ಇಷ್ಟೆಲ್ಲ ಕಾಟ ಸಹಿಸಿದ ಸಹನಾಮೂರ್ತಿಗೆ ಶುಭಾಶಯ" ಎಂದು ಮುಗಿಸುತ್ತಾನೆ. ಆಮೇಲೆ ಹೆಂಡತಿಯನ್ನೇ ಕೇಳುತ್ತಾನೆ: "ಏನೇ, ನನ್ನ ಯಾವ ಅಭ್ಯಾಸ ನಿನಗೆ ಕಷ್ಟ?"

ಅವಳು ಯೋಚಿಸದೆ ಹೇಳುತ್ತಾಳೆ. "ಲೋಟದ ತಳದಲ್ಲಿ ಎರಡು ಗುಟುಕು ಕಾಫಿ ಬಿಟ್ಟು, ಆ ಲೋಟಾನ ಕಿಟಕಿ ಮೇಲೆ ಇಡ್ತೀರಲ್ಲ, ಅದು. ಆಮೇಲೆ ಫ್ರಿಜ್ ಬಾಗಿಲು ತೆಗೆದು ಏನು ಬೇಕು ಅಂತ ಮರೆತು ನಿಂತಿರ್ತೀರಲ್ಲ, ಅದು ನೋಡಿದ್ರೆ ನಗು ಬರುತ್ತೆ. ಗೆಳೆಯರನ್ನ ಕರ್ಕೊಂಡು ಬರೋದು ಮಾತ್ರ ಬ್ಯಾಡ್ರೀ, ಅನ್ನ ಸಾಲುತ್ತೋ ಇಲ್ಲೋ ಅಂತ ನನಗೆ ಎದೆ ಹೊಡ್ಕೊಳ್ಳುತ್ತೆ."

"ಪೇಪರ್ ಓದೋದು?"

"ಅದೇನು ಕಷ್ಟ? ಓದಿ, ನನಗೂ ಸುದ್ದಿ ಗೊತ್ತಾಗುತ್ತೆ."

ಅವನ ಪಟ್ಟಿಯಲ್ಲಿ ಮೊದಲನೆಯದು ಅವಳ ಪಟ್ಟಿಯಲ್ಲೇ ಇಲ್ಲ. ಅವಳ ಪಟ್ಟಿಯಲ್ಲಿ ಮೊದಲನೆಯದು ಅವನಿಗೆ ಗೊತ್ತೇ ಇರಲಿಲ್ಲ. ಈಗ ಎರಡನ್ನೂ ಎದುರಿಗಿಟ್ಟುಕೊಂಡು, ಪ್ರತಿಯೊಂದು ಅಭ್ಯಾಸಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಇದಾದ ಮೇಲೆ ಕೆಲಸ ಮಾಡುವವರು ಯಾರು? ಪೇಪರ್, ಬೀಗ, ರೈಲಿನ ಕಥೆ, ಫ್ರಿಜ್ ಇವುಗಳಿಂದ ಅವಳಿಗೆ ಹೊಸ ಕೆಲಸ ಹುಟ್ಟುವುದಿಲ್ಲ. ಇವು ನಗುವ ಅಭ್ಯಾಸಗಳು. ಟವೆಲ್, ಕಾಫಿ ಲೋಟ, ಹೇಳದೆ ಕರೆತರುವ ಗೆಳೆಯರು ಇವುಗಳಿಂದ ಹುಟ್ಟುತ್ತದೆ. ಇವು ಬಿಡುವ ಅಭ್ಯಾಸಗಳು. ಬಿಡುವವರೆಗೆ ಇವುಗಳ ಬಗ್ಗೆ ನಗುವ ಹಕ್ಕು ಅವಳದು, ಅವನದಲ್ಲ.

ಗೊರಕೆ ಎರಡು ಗುಂಪಿಗೂ ಸೇರುವುದಿಲ್ಲ. ದೊಡ್ಡ ಗೊರಕೆಯ ನಡುವೆ ಉಸಿರು ಕೆಲವು ಕ್ಷಣ ನಿಂತಂತಾಗಿ, ಮತ್ತೆ ಬಿಕ್ಕಿದ ಸದ್ದಿನೊಂದಿಗೆ ಶುರುವಾದರೆ, ಹಗಲಿನಲ್ಲಿ ಕೂತಲ್ಲೇ ತೂಕಡಿಕೆ ಬಂದರೆ ಅದು ಸ್ಲೀಪ್ ಆ್ಯಪ್ನಿಯಾ ಎಂಬ ತೊಂದರೆಯ ಲಕ್ಷಣ ಇರಬಹುದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆಗೂ ಅದಕ್ಕೂ ನಂಟಿದೆ. ಮಲಗಿದವನಿಗೆ ಅದು ತಿಳಿಯುವುದಿಲ್ಲ, ಪಕ್ಕದಲ್ಲಿ ಎಚ್ಚರವಿರುವವಳಿಗೆ ತಿಳಿಯುತ್ತದೆ. ಅವಳನ್ನು ಕೇಳಿಕೊಂಡು ವೈದ್ಯರ ಬಳಿ ಹೋಗುವುದು ಒಳ್ಳೆಯದು. ನಗೆಬರಹದಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯ ಪ್ರತಿ

ಈಗ ಉಳಿದದ್ದು ನಾಲ್ಕೇ ಅಭ್ಯಾಸ. ಒಂದೊಂದಕ್ಕೂ ಅವಳು ಏನು ಮಾಡಿದಳು ಎಂಬುದನ್ನು ಸೇರಿಸಿದರೆ ಬರಹ ಹೀಗಾಗಬಹುದು:

"ಇವತ್ತಿಗೆ ನಮ್ಮ ಮದುವೆಯಾಗಿ 22 ವರ್ಷ. ಬೆಳಗ್ಗೆ ನಾನು ಪೇಪರ್ ಬಿಡಿಸಿದರೆ ಮುಖಪುಟದಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಅಡುಗೆಮನೆಗೆ ಕೇಳಿಸುತ್ತೇನೆ. ನಮಗೆ ಅಡಿಕೆ ತೋಟವಿಲ್ಲ. ಅವಳು ಒಗ್ಗರಣೆ ಹಾಕುತ್ತಲೇ 'ಹೂಂ' ಎನ್ನುತ್ತಾಳೆ. ಹೋದ ವಾರ ಗಂಟಲು ಕಟ್ಟಿ ಮನಸ್ಸಿನಲ್ಲೇ ಓದಿಕೊಂಡೆ. ಸೌಟು ಹಿಡಿದು ಹೊರಗೆ ಬಂದು, 'ಏನ್ರೀ, ಇವತ್ತು ಊರಲ್ಲಿ ಏನೂ ಆಗಿಲ್ವಾ?' ಎಂದಳು.

ನಾನು ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತೇನೆ. ಗೇಟಿನವರೆಗೆ ಹೋಗಿ, ಜಗ್ಗಿದ್ದು ಸರಿಯಾಗಿತ್ತೇ ಎಂದು ಮತ್ತೆ ಬಂದು ಜಗ್ಗುತ್ತೇನೆ. ಮೊದಮೊದಲು ಅವಳು ಅವಸರ ಮಾಡುತ್ತಿದ್ದಳು. ಆಮೇಲೆ ಮುಹೂರ್ತ ಹತ್ತೂವರೆಗೆ ಇದ್ದರೆ ನನಗೆ ಹತ್ತು ಗಂಟೆ ಎಂದು ಹೇಳಲು ಶುರುಮಾಡಿದಳು. ನಾವು ಯಾವ ಮದುವೆಗೂ ತಡವಾಗಿ ಹೋಗಿಲ್ಲ. ಇದು ನನ್ನ ಶಿಸ್ತು ಎಂದು ನಾನು ಬಹಳ ಕಾಲ ನಂಬಿದ್ದೆ.

ಹರಿಹರದಲ್ಲಿ ನನಗೆ ರೈಲು ತಪ್ಪಿದ ಕಥೆ ನಿಮಗೆಲ್ಲ ಗೊತ್ತು. ನನಗಿಂತ ಚೆನ್ನಾಗಿ ಗೊತ್ತಿರುವುದು ಅವಳಿಗೆ. ನಾನು ಒಂದು ವಿವರ ಬಿಟ್ಟರೆ, ಕಾಫಿ ತಂದಿಡುತ್ತಾ, 'ಮಳೆ ಬರ್ತಿತ್ತು ಅಂತ ಹೇಳ್ಳಿಲ್ಲ ನೀವು' ಎಂದು ನೆನಪಿಸುತ್ತಾಳೆ. ಆ ದಿನ ಅವಳು ನನ್ನ ಜೊತೆ ಇರಲೇ ಇಲ್ಲ.

ಫ್ರಿಜ್ ಬಾಗಿಲು ತೆಗೆದು ನಿಂತಾಗ ನನಗೆ ಏನು ಬೇಕಿತ್ತು ಎಂಬುದು ಒಳಗಿನ ಕೋಣೆಯಲ್ಲಿರುವ ಅವಳಿಗೆ ಗೊತ್ತಿರುತ್ತದೆ. 'ಮಜ್ಜಿಗೆ ಎಡಗಡೆ ಇದೆ' ಎಂಬ ದನಿ ಬರುತ್ತದೆ. ಬೇಕಿದ್ದದ್ದು ಮಜ್ಜಿಗೆಯೇ.

ಈ ಮನೆ ನಡೆದಿರುವುದು ನಿನ್ನ ಉಪಾಯದಿಂದ. ಅದಕ್ಕೆ ನಾನು ಋಣಿ. ಈಗ ನನ್ನ ಬಗ್ಗೆ ನೀನು ಹೇಳುವ ಸರದಿ. ಎಲ್ಲರೂ ಕೇಳಲಿ."

ಮೊದಲ ಪ್ರತಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಎಲ್ಲೂ ಸಹನೆ, ತಾಳ್ಮೆ, ದೇವತೆ ಎನ್ನುವ ಮಾತಿಲ್ಲ. ಗಡಿಯಾರದ ಅರ್ಧ ಗಂಟೆ, ಕಥೆಯ ಮಳೆ, ಎಡಗಡೆಯ ಮಜ್ಜಿಗೆ ಇವು ಅವಳ ಜಾಣತನವನ್ನು ತೋರಿಸುತ್ತವೆ. ಪ್ರತಿ ಭಾಗದಲ್ಲೂ ನಗು ಅವನ ಅಭ್ಯಾಸದಿಂದ ಶುರುವಾಗಿ ಅವಳ ಮಾತಿನಲ್ಲೋ ನಡೆಯಲ್ಲೋ ಮುಗಿಯುತ್ತದೆ. ಕಡೆಯ ಸಾಲಿನಲ್ಲಿ ಬೀಗರ ಹಾಡಿನ ಸರದಿ ಅವಳ ಕೈಗೆ ಬಂದಿದೆ. ಬರಹ ಉದ್ದವಾಗಿಯೂ ಇಲ್ಲ. ನಾಲ್ಕು ಅಭ್ಯಾಸ ದಾಟಿದರೆ ಓದುವವರಿಗೆ ನಗುವಿನ ಬದಲು ಅವಳ ಬಗ್ಗೆ ಮರುಕ ಬರತೊಡಗುತ್ತದೆ.

ಎಲ್ಲಿ ನಿಲ್ಲಬೇಕು

ಕೆಲವು ಮಾತುಗಳು ಎಷ್ಟು ಚೆನ್ನಾಗಿ ಬರೆದರೂ ಇಲ್ಲಿ ಒಗ್ಗುವುದಿಲ್ಲ. ಕುಡಿತ, ಸಾಲ, ಸಿಟ್ಟಿನಲ್ಲಿ ಕೂಗಾಡುವುದು ಇವು ಸಣ್ಣ ಅಭ್ಯಾಸಗಳಲ್ಲ. ಅವನ್ನು ನಗೆಯಲ್ಲಿ ಸೇರಿಸಿ ನೆಂಟರೆದುರು ಓದಿದರೆ ಅವಳು ನಗಲೇಬೇಕಾದ ಒತ್ತಾಯಕ್ಕೆ ಸಿಕ್ಕಿಕೊಳ್ಳುತ್ತಾಳೆ. ಅವಳ ಅಡುಗೆ, ಮೈಕಟ್ಟು, ತವರುಮನೆ ಇವು ಕೂಡ ಬೇಡ, ಯಾಕೆಂದರೆ ಈ ಬರಹ ಅವನ ಅಭ್ಯಾಸಗಳದ್ದು. ಮಲಗುವ ಕೋಣೆಯಲ್ಲಿ ಇಬ್ಬರೇ ಆಡಿದ ಮಾತು ಅವಳ ಒಪ್ಪಿಗೆಯಿಲ್ಲದೆ ಹೊರಗೆ ಬರಬಾರದು. ಅತ್ತೆ, ಮಾವ, ಬೆಳೆದ ಮಕ್ಕಳು, ಅವಳ ಕಚೇರಿಯ ಗೆಳತಿಯರು ಎಲ್ಲ ಓದುತ್ತಾರೆ ಎಂಬುದನ್ನು ನೆನಪಿಡಬೇಕು. ಅವರಲ್ಲಿ ಒಬ್ಬರೆದುರು ಅವಳಿಗೆ ಮುಜುಗರವಾಗುವ ಸಾಲಿದ್ದರೂ ತೆಗೆಯಬೇಕು.

ಪರೀಕ್ಷಿಸುವ ದಾರಿ ಸರಳ. ಎಲ್ಲರಿಗೂ ಓದುವ ಹಿಂದಿನ ದಿನ ಬರಹವನ್ನು ಅವಳಿಗೇ ಓದಲು ಕೊಡಿ. ಅಚ್ಚರಿ ಕೆಡುತ್ತದೆ ಎಂದು ಅಂಜಬೇಡಿ, ತನ್ನ ಬಗ್ಗೆ ಬರೆದದ್ದನ್ನು ಜನರ ನಡುವೆ ಮೊದಲ ಸಲ ಕೇಳಿಸಿಕೊಳ್ಳುವುದು ಎಲ್ಲರಿಗೂ ಹಿತವಲ್ಲ. ಅವಳು ಒಂದು ಸಾಲು ತಿದ್ದಿ, "ಹತ್ತೂವರೆ ಅಲ್ರೀ, ಅವತ್ತು ಹನ್ನೊಂದಕ್ಕಿತ್ತು" ಎಂದರೆ ಬರಹ ಗೆದ್ದಿದೆ, ಅವಳು ಅದನ್ನು ತನ್ನದಾಗಿಸಿಕೊಂಡಿದ್ದಾಳೆ. "ಚೆನ್ನಾಗಿದೆ" ಎಂದಷ್ಟೇ ಹೇಳಿ ಕಾಗದ ವಾಪಸು ಕೊಟ್ಟರೆ ಯಾವ ಸಾಲು ಚುಚ್ಚಿತು ಎಂದು ಕೇಳಿ.

ಬರೆದು ಮುಗಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಪಟ್ಟಿಯ ಎರಡನೆಯ ಭಾಗದ್ದು. ಕಾಫಿ ಮುಗಿಸಿ ಲೋಟವನ್ನು ತೊಳೆಯುವ ಜಾಗಕ್ಕೆ ಇಡುವುದು, ಟವೆಲನ್ನು ತಂತಿಯ ಮೇಲೆ ಹಾಕುವುದು, ಗೆಳೆಯರನ್ನು ಕರೆಯುವ ಮೊದಲು ಮನೆಗೆ ಫೋನ್ ಮಾಡುವುದು. ಇವು ಬರಹದಲ್ಲಿ ಬರುವುದಿಲ್ಲ, ನೆಂಟರು ಇವಕ್ಕೆ ಚಪ್ಪಾಳೆ ತಟ್ಟುವುದೂ ಇಲ್ಲ. ಆದರೆ ಅವಳು ಬರಹವನ್ನು ನಂಬುವುದು ಇವುಗಳನ್ನು ನೋಡಿಯೇ. ಮುಂದಿನ ವರ್ಷ ಅವನು ಮತ್ತೆ ಬರೆಯಲು ಕೂತಾಗ ಪಟ್ಟಿಯಲ್ಲಿ ನಗುವ ಅಭ್ಯಾಸಗಳಷ್ಟೇ ಉಳಿದಿದ್ದರೆ ಈ ವರ್ಷದ ಮಾತು ನಡೆದಿದೆ ಎಂದು ಅರ್ಥ.